ಮಣಿಕಟ್ಟಿನ ಲೆಕ್ಕ: ಫಿಟ್‌ನೆಸ್ ಬ್ಯಾಂಡೋ, ಪೂರ್ಣ ಸ್ಮಾರ್ಟ್‌ವಾಚೋ?

ಮಾಟುಂಗದಿಂದ ಡೊಂಬಿವಿಲಿಯವರೆಗೆ ಯಾವ ಅಂಗಡಿಯ ಗಾಜಿನ ಕಪಾಟನ್ನು ನೋಡಿದರೂ ಮಣಿಕಟ್ಟಿಗೆ ಕಟ್ಟಿಕೊಳ್ಳುವ ವಿದ್ಯುನ್ಮಾನ ಯಂತ್ರಗಳಿಗೆ ಇಂದು ಒಂದೇ ಹೆಸರು: ಸ್ಮಾರ್ಟ್‌ವಾಚು. ಸುಮಾರು 1,500 ರೂಪಾಯಿಗೆ ದೊರೆಯುವುದಕ್ಕೂ ಅದೇ ಹೆಸರು, 40,000 ರೂಪಾಯಿ ಬೆಲೆಯುಳ್ಳದ್ದಕ್ಕೂ ಅದೇ ಹೆಸರು. ನೋಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಚೌಕಾಕಾರದ ಹೊಳೆಯುವ ಮುಖ, ಪಕ್ಕದಲ್ಲೊಂದು ಗುಂಡಿ, ಬೆನ್ನಿನಲ್ಲಿ ಮಿನುಗುವ ಹಸುರು ದೀಪ. ಹೀಗಿರುವಲ್ಲಿ, ಮೊದಲ ಬಾರಿಗೆ ಕೊಳ್ಳಲು ಹೊರಟ ಗೃಹಸ್ಥನು ಬೆಲೆಯ ಅಂತರಕ್ಕೆ ಕಾರಣವೇನೆಂದು ತಿಳಿಯದೆ ಗೊಂದಲಕ್ಕೆ ಬೀಳುವುದು ಸಹಜವೇ. ಆದ್ದರಿಂದ ಹೊರಗಿನ ರೂಪವನ್ನು ಬಿಟ್ಟು ಒಳಗೇನಿದೆ ಎಂಬುದನ್ನು ಮೊದಲು ನೋಡೋಣ.

ಫಿಟ್‌ನೆಸ್ ಬ್ಯಾಂಡು ಎಂದರೆ ಒಂದು ಚಿಕ್ಕ ಲೆಕ್ಕಿಗ. ಅದರೊಳಗೆ ಅತ್ಯಲ್ಪ ವಿದ್ಯುತ್ತನ್ನು ಬಳಸುವ ಒಂದು ಸಣ್ಣ ಚಿಪ್ಪು, ಚಲನೆಯನ್ನು ಗುರುತಿಸುವ ಒಂದು ಸಾಧನ, ನಾಡಿಯನ್ನು ಅಳೆಯುವ ದೀಪ, ಇವಿಷ್ಟೇ ಇರುತ್ತವೆ. ತಯಾರಿಸಿದ ಕಂಪೆನಿಯು ಬರೆದಿಟ್ಟ ಕೆಲಸಗಳನ್ನು ಮಾತ್ರ ಅದು ಮಾಡಬಲ್ಲುದು. ನಾವು ಹೊಸದೊಂದು ಕೆಲಸವನ್ನು ಅದಕ್ಕೆ ಕಲಿಸಲಾರೆವು. ಪೂರ್ಣ ಸ್ಮಾರ್ಟ್‌ವಾಚು ಹಾಗಲ್ಲ. ಅದು ಮಣಿಕಟ್ಟಿನ ಅಳತೆಗೆ ಕುಗ್ಗಿಸಿದ ಒಂದು ಮೊಬೈಲು ಫೋನು. ಆಪಲ್ ಕಂಪೆನಿಯ ವಾಚ್‌ಓಎಸ್, ಗೂಗಲ್ ಕಂಪೆನಿಯ ವೇರ್‌ಓಎಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆ ಅದರೊಳಗಿರುತ್ತದೆ. ಅನ್ಯ ಕಂಪೆನಿಗಳ ಆ್ಯಪುಗಳನ್ನು ಅದಕ್ಕೆ ಸೇರಿಸಬಹುದು, ನಕಾಶೆಯನ್ನು ನೋಡಬಹುದು, ಕೆಲವು ಮಾದರಿಗಳಲ್ಲಿ ಫೋನು ಹತ್ತಿರವಿಲ್ಲದಿದ್ದರೂ ಕರೆ ಮಾಡಬಹುದು.

ಇವೆರಡರ ನಡುವೆ ನಮ್ಮ ದೇಶದ ಪೇಟೆಯಲ್ಲಿ ಮೂರನೆಯ ಜಾತಿಯೊಂದು ಹುಟ್ಟಿಕೊಂಡಿದೆ. ಮಾರಾಟದಲ್ಲಿ ಅದರದೇ ಭರಾಟೆ. ಮುಖ ದೊಡ್ಡದು, ಆದರೆ ಒಳಗಿರುವುದು ಬ್ಯಾಂಡಿನ ಚಿಪ್ಪೇ. 2,000 ಅಥವಾ 3,000 ರೂಪಾಯಿಯ ಆಸುಪಾಸಿನಲ್ಲಿ ‘ಬ್ಲೂಟೂತ್ ಕಾಲಿಂಗ್’ ಎಂಬ ದೊಡ್ಡ ಅಕ್ಷರಗಳೊಂದಿಗೆ ಮಾರುವವುಗಳಲ್ಲಿ ಹೆಚ್ಚಿನವು ಈ ಜಾತಿಯವು. ಅವುಗಳಿಂದ ಮಾತನಾಡಬಹುದೆಂಬುದು ನಿಜ. ಆದರೆ ಕರೆ ಬರುವುದು ಫೋನಿಗೇ. ವಾಚು ಅದರ ಧ್ವನಿಯನ್ನು ಹೊರಹಾಕುವ ಪುಟ್ಟ ಸ್ಪೀಕರು ಮಾತ್ರ. ಫೋನನ್ನು ಮನೆಯಲ್ಲಿ ಬಿಟ್ಟು ಹೋದರೆ ಈ ಸೌಕರ್ಯವೂ ಮನೆಯಲ್ಲೇ ಉಳಿಯುತ್ತದೆ. ಇದನ್ನು ಕೊಳ್ಳಬಾರದೆಂದು ನನ್ನ ಅಭಿಪ್ರಾಯವಲ್ಲ. ಬ್ಯಾಂಡನ್ನೇ ಕೊಳ್ಳುತ್ತಿದ್ದೇನೆಂದು ತಿಳಿದು ಕೊಂಡರೆ ಯಾವ ನಷ್ಟವೂ ಇಲ್ಲ.

ಗುರುತಿಸುವ ಬಗೆ ಸುಲಭ. ಅಂಗಡಿಯವನಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದರಲ್ಲಿ ಬೇರೆ ಕಂಪೆನಿಯ ಆ್ಯಪನ್ನು ಹಾಕಿಕೊಳ್ಳಬಹುದೇ? ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದಿನ ಬಾಳುತ್ತದೆ? ಆ್ಯಪು ಹಾಕಲಾಗದು, ಏಳರಿಂದ ಹದಿನಾಲ್ಕು ದಿನ ಬಾಳುತ್ತದೆ ಎಂಬ ಉತ್ತರ ಬಂದರೆ ಹೆಸರೇನೇ ಇರಲಿ, ಅದು ಬ್ಯಾಂಡು. ಆ್ಯಪು ಹಾಕಬಹುದು, ಒಂದೆರಡು ದಿನ ಬಾಳುತ್ತದೆ ಎಂದರೆ ಅದು ಪೂರ್ಣ ವಾಚು. ಇದಕ್ಕೆ ಅಪವಾದಗಳಿಲ್ಲದಿಲ್ಲ. 2024ರಲ್ಲಿ ಬಂದ ಒನ್‌ಪ್ಲಸ್ ವಾಚ್ 2 ಎಂಬುದು ದೊಡ್ಡ ಕೆಲಸಕ್ಕೊಂದು, ಸಣ್ಣ ಕೆಲಸಕ್ಕೊಂದು ಎಂದು ಎರಡು ಚಿಪ್ಪುಗಳನ್ನಿರಿಸಿಕೊಂಡು 100 ಗಂಟೆಗಳ ಬಾಳಿಕೆಯನ್ನು ಘೋಷಿಸಿತು. ಓಟಗಾರರಿಗೆಂದು ತಯಾರಾಗುವ ಗಾರ್ಮಿನ್ ವಾಚುಗಳ ದಾರಿಯೂ ಬೇರೆ. ಆದರೆ ಮೊದಲ ಬಾರಿಗೆ ಕೊಳ್ಳುವವರಿಗೆ ಮೇಲಿನ ಎರಡು ಪ್ರಶ್ನೆಗಳು ಸಾಕು.

ಇನ್ನು ಆಯ್ಕೆಯ ವಿಚಾರ. ಸಾಮಾನ್ಯವಾಗಿ ನಮ್ಮವರು ಮೊದಲು ಬೆಲೆ ನೋಡುತ್ತಾರೆ, ಅನಂತರ ಸೌಕರ್ಯಗಳ ಪಟ್ಟಿ ಓದುತ್ತಾರೆ, ಕೊನೆಗೆ ಮನೆಗೆ ತಂದ ಮೇಲೆ ತಮ್ಮ ಫೋನಿಗೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ನನ್ನ ವಾದ. ಮೊದಲು ಫೋನು, ಅನಂತರ ಬ್ಯಾಟರಿ, ಕಟ್ಟಕಡೆಗೆ ಸೌಕರ್ಯ. ಸಾಲ ಕೊಡುವಾಗ ಅರ್ಜಿದಾರನ ಆಸ್ತಿಯ ವೈಭವಕ್ಕಿಂತ ಮೊದಲು ಅವನ ಕಾಗದಪತ್ರಗಳು ಸರಿಯಿವೆಯೇ ಎಂದು ನೋಡುವುದಿಲ್ಲವೇ, ಹಾಗೆ.

ಫೋನಿಗೂ ವಾಚಿಗೂ ಇರುವ ನಂಟು ಜಾತಕ ಕೂಡಿಬರಬೇಕಾದ ನಂಟು. ಆಪಲ್ ವಾಚು ಐಫೋನಿನೊಂದಿಗೆ ಮಾತ್ರ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನಿಟ್ಟುಕೊಂಡವರಿಗೆ ಅದರಿಂದ ಪ್ರಯೋಜನವಿಲ್ಲ. ಸ್ಯಾಮ್‌ಸಂಗ್ ಕಂಪೆನಿಯ ಗ್ಯಾಲಕ್ಸಿ ವಾಚುಗಳು ಮೊದಲು ಐಫೋನಿಗೂ ಹೊಂದುತ್ತಿದ್ದುವು. 2021ರ ಗ್ಯಾಲಕ್ಸಿ ವಾಚ್ 4ರಿಂದೀಚೆಗೆ ಆಂಡ್ರಾಯ್ಡಿಗೆ ಮಾತ್ರ. ಆಂಡ್ರಾಯ್ಡ್ ಇದ್ದರೂ ಮುಗಿಯಲಿಲ್ಲ. ಆ ವಾಚಿನ ಇಸಿಜಿ ಮತ್ತು ರಕ್ತದೊತ್ತಡದ ಸೌಕರ್ಯಗಳಿಗೆ ಫೋನೂ ಸ್ಯಾಮ್‌ಸಂಗಿನದೇ ಆಗಿರಬೇಕು. ಬೇರೆ ಕಂಪೆನಿಯ ಆಂಡ್ರಾಯ್ಡ್ ಫೋನಿಟ್ಟುಕೊಂಡು ಇಸಿಜಿಗೆಂದೇ ಅದನ್ನು ಕೊಂಡವನು, ಹಣ ತೆತ್ತ ವಸ್ತುವಿನ ಒಂದು ಭಾಗವನ್ನು ಬಳಸಲಾರದೆ ಹೋಗುತ್ತಾನೆ. ಬ್ಯಾಂಡುಗಳು ಈ ವಿಷಯದಲ್ಲಿ ಉದಾರಿಗಳು. ಹೆಚ್ಚಿನವು ಎರಡು ಬಗೆಯ ಫೋನುಗಳಿಗೂ ಹೊಂದುತ್ತವೆ. ಆದರೆ ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಆಂಡ್ರಾಯ್ಡಿನ ಯಾವ ಆವೃತ್ತಿಯಿಂದ ಮೇಲೆ, ಐಓಎಸ್‌ನ ಯಾವ ಆವೃತ್ತಿಯಿಂದ ಮೇಲೆ ಎಂದು ಬರೆದಿರುತ್ತದೆ. ಅದನ್ನು ಅಂಗಡಿಯಲ್ಲೇ ನಿಮ್ಮ ಫೋನಿನ ಸೆಟ್ಟಿಂಗ್ಸ್ ತೆರೆದು ತಾಳೆ ನೋಡಬೇಕು. ಮಗನ ಹಳೆಯ ಫೋನನ್ನು ಬಳಸುವ ತಂದೆ ತಾಯಿಗಳಿಗೆ ಕೊಳ್ಳುವಾಗ ಇದು ವಿಶೇಷವಾಗಿ ಮುಖ್ಯ.

ಹೊಂದಿಕೆಯಲ್ಲೂ ಪೂರ್ಣ ಹೊಂದಿಕೆ, ಅರೆ ಹೊಂದಿಕೆ ಎಂದು ಎರಡು ಬಗೆ. ಐಫೋನಿಗೆ ಅನ್ಯ ಕಂಪೆನಿಯ ಬ್ಯಾಂಡನ್ನು ಜೋಡಿಸಿದರೆ ಸಂದೇಶಗಳನ್ನು ಓದಬಹುದು, ಆದರೆ ಮಣಿಕಟ್ಟಿನಿಂದಲೇ ಉತ್ತರ ಕಳುಹಿಸಲಾಗದು. ಆಂಡ್ರಾಯ್ಡ್ ಫೋನಿನೊಂದಿಗಾದರೆ ‘ಆಮೇಲೆ ಕರೆಯುತ್ತೇನೆ’ ಎಂಬಂಥ ಸಿದ್ಧ ಉತ್ತರಗಳನ್ನು ಕಳುಹಿಸಲು ಅನೇಕ ಬ್ಯಾಂಡುಗಳಲ್ಲಿ ಸಾಧ್ಯವಿದೆ. ಆಂಡ್ರಾಯ್ಡಿಗೆ ತನ್ನದೇ ಆದ ಇನ್ನೊಂದು ತೊಂದರೆಯುಂಟು. ಹಲವು ಕಂಪೆನಿಗಳ ಫೋನುಗಳು ತಮ್ಮ ಬ್ಯಾಟರಿಯನ್ನು ಉಳಿಸುವ ಹಂಬಲದಲ್ಲಿ, ಹಿನ್ನೆಲೆಯಲ್ಲಿ ನಡೆಯುತ್ತಿರುವ ಬ್ಯಾಂಡಿನ ಆ್ಯಪನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಇದರ ಲಕ್ಷಣ ಸ್ಪಷ್ಟ: ಬೆಳಗಿನಿಂದ ಒಂದು ಸಂದೇಶವೂ ಮಣಿಕಟ್ಟಿಗೆ ಬಾರದೆ, ಫೋನಿನಲ್ಲಿ ಆ್ಯಪನ್ನು ತೆರೆದೊಡನೆ ಸಂಪರ್ಕ ಮರಳಿ ಎಲ್ಲವೂ ಸರಿಯಾಗಿಬಿಡುತ್ತದೆ. ಬ್ಯಾಂಡು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಎಷ್ಟೋ ಮಂದಿಯ ಬ್ಯಾಂಡು ಕೆಟ್ಟಿರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಯನ್ನು Unrestricted ಎಂದು ಬದಲಾಯಿಸಿದರೆ ಹೆಚ್ಚಿನ ಪ್ರಸಂಗಗಳಲ್ಲಿ ರೋಗ ವಾಸಿಯಾಗುತ್ತದೆ.

ಕನ್ನಡಿಗರಾದ ನಾವು ಮಾಡಲೇಬೇಕಾದ ಇನ್ನೊಂದು ಪರೀಕ್ಷೆಯಿದೆ. ಇದನ್ನು ಯಾವ ಮಾರಾಟಗಾರನೂ ಹೇಳಿಕೊಡುವುದಿಲ್ಲ. ಅಗ್ಗದ ಬ್ಯಾಂಡುಗಳ ಸ್ಮೃತಿಯಲ್ಲಿ ಇಂಗ್ಲಿಷಿನ ಅಕ್ಷರಗಳಿರುತ್ತವೆ, ಕೆಲವುಗಳಲ್ಲಿ ಹಿಂದಿಯದೂ ಇರುತ್ತವೆ. ಕನ್ನಡದ ಅಕ್ಷರಗಳು ಇರಲೇಬೇಕೆಂದಿಲ್ಲ. ಊರಿನಿಂದ ಅಕ್ಕ ಕಳುಹಿಸಿದ ವಾಟ್ಸಾಪ್ ಸಂದೇಶ ಬರಿಯ ಚೌಕಗಳ ಸಾಲಾಗಿ ಕಾಣಿಸಿಕೊಳ್ಳಬಹುದು. ಅಥವಾ ಅಕ್ಷರ ಬಂದರೂ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಂತುಬಿಡಬಹುದು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಬ್ಯಾಂಡಿಗೆ ನಿಮ್ಮ ಫೋನನ್ನು ಜೋಡಿಸಿ, ಮನೆಯವರಿಂದ ‘ರಾಷ್ಟ್ರ’, ‘ಸ್ತ್ರೀ’ ಎಂಬ ಎರಡು ಪದಗಳನ್ನು ಕಳುಹಿಸಲು ಹೇಳಿ. ಎರಡೂ ನೆಟ್ಟಗೆ ಕಂಡರೆ ಮುಂದಿನ ಮಾತು.

ಬ್ಯಾಂಕಿನವನಾದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ಫೋನಿನ ಸಂದೇಶಗಳೆಲ್ಲ ಮಣಿಕಟ್ಟಿಗೆ ಬರುವಾಗ ಬ್ಯಾಂಕಿನ ಓಟಿಪಿಯೂ ಬರುತ್ತದೆ. ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಯನ್ನು ಹಿಡಿದು ನಿಂತಾಗ ನಮ್ಮ ಮಣಿಕಟ್ಟು ನೆರೆಯವರ ಕಣ್ಣಿನ ಮಟ್ಟದಲ್ಲಿರುತ್ತದೆಂಬುದನ್ನು ನೆನಪಿಡಬೇಕು. ಬ್ಯಾಂಡಿನ ಆ್ಯಪಿನಲ್ಲಿ ಎಸ್ಎಂಎಸ್ ಸಂದೇಶಗಳನ್ನು ಮಾತ್ರ ನಿಲ್ಲಿಸಿಬಿಡುವುದು ಕ್ಷೇಮ.

ಕಂಪೆನಿಯ ಆಯುಸ್ಸೂ ಹೊಂದಿಕೆಯ ಒಂದು ಭಾಗವೇ. ಪೆಬಲ್ ಎಂಬ ವಾಚು ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. 2016ರಲ್ಲಿ ಆ ಕಂಪೆನಿ ಮುಚ್ಚಿ ಅದರ ಆಸ್ತಿಯನ್ನು ಫಿಟ್‌ಬಿಟ್ ಕೊಂಡಿತು. 2018ರ ಜೂನಿನಲ್ಲಿ ಅದರ ಸರ್ವರುಗಳನ್ನು ನಿಲ್ಲಿಸಲಾಯಿತು. ಜಾಬೋನ್ ಎಂಬ ಬ್ಯಾಂಡಿನ ಕಂಪೆನಿ 2017ರಲ್ಲಿ ದಿವಾಳಿಯ ಹಾದಿ ಹಿಡಿಯಿತು. ಇಂಥ ವಸ್ತುವಿನ ಜೀವ ಫೋನಿನಲ್ಲಿರುವ ಆ್ಯಪಿನಲ್ಲಿರುತ್ತದೆ. ಆ್ಯಪು ಹೋದರೆ ಮಣಿಕಟ್ಟಿನಲ್ಲಿ ಉಳಿಯುವುದು ಹೆಚ್ಚೆಂದರೆ ಸಮಯ ತೋರಿಸುವ ಒಂದು ರಬ್ಬರಿನ ಪಟ್ಟಿ. ಹೆಸರೇ ಕೇಳದ ಕಂಪೆನಿಯ 900 ರೂಪಾಯಿಯ ಮಾಲನ್ನು ಕೊಳ್ಳುವಾಗ ಈ ಅಪಾಯವನ್ನೂ ಬೆಲೆಗೆ ಸೇರಿಸಿ ಎಣಿಸತಕ್ಕದ್ದು.

ಈಗ ಬ್ಯಾಟರಿ. ಪೂರ್ಣ ವಾಚಿಗೂ ಬ್ಯಾಂಡಿಗೂ ನಿತ್ಯಜೀವನದಲ್ಲಿ ಕಾಣುವ ದೊಡ್ಡ ಅಂತರ ಇದೇ. ಆಪಲ್ ವಾಚಿಗೆ ಕಂಪೆನಿ ಬಹುಕಾಲ ಹೇಳುತ್ತ ಬಂದ ಬಾಳಿಕೆ 18 ಗಂಟೆ. 2025ರಲ್ಲಿ ಬಂದ 11ನೆಯ ಸರಣಿಗೆ 24 ಗಂಟೆ. ಸ್ಯಾಮ್‌ಸಂಗಿನ ಗ್ಯಾಲಕ್ಸಿ ವಾಚ್ 6 ಮತ್ತು 7ಕ್ಕೆ 40 ಗಂಟೆ, ಮುಖವನ್ನು ಸದಾ ಬೆಳಗಿಸಿಟ್ಟರೆ 30. ಅಂದರೆ ಪ್ರತಿನಿತ್ಯ, ತಪ್ಪಿದರೆ ಎರಡು ದಿನಕ್ಕೊಮ್ಮೆ, ಅದನ್ನು ಕಳಚಿ ಚಾರ್ಜಿಗೆ ಇಡಲೇಬೇಕು. ಇಡುವುದು ಯಾವಾಗ? ರಾತ್ರಿ ಇಟ್ಟರೆ ನಿದ್ರೆಯ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಇಟ್ಟರೆ ನಡಿಗೆಯ ಲೆಕ್ಕ ತಪ್ಪುತ್ತದೆ. ಸ್ನಾನ, ಪೂಜೆ, ತಿಂಡಿಯ ಮುಕ್ಕಾಲು ಗಂಟೆಯಲ್ಲಿ ಶಿಸ್ತಿನಿಂದ ಇಡಬಲ್ಲವರಿಗೆ ತೊಂದರೆಯಿಲ್ಲ. ಆದರೆ 7.42ರ ಗಾಡಿಗೆ ಓಡುವ ಮನೆಗಳಲ್ಲಿ ಆ ಶಿಸ್ತು ಎಷ್ಟು ದಿನ ನಿಲ್ಲುತ್ತದೆಂಬುದನ್ನು ಓದುಗರೇ ಊಹಿಸಬಲ್ಲರು. ಚಾರ್ಜು ಮುಗಿದು ಮೇಜಿನ ಮೇಲೆ ಮಲಗಿದ 40,000 ರೂಪಾಯಿಯ ವಾಚು, ಕೈಯಲ್ಲಿರುವ 3,000 ರೂಪಾಯಿಯ ಬ್ಯಾಂಡಿನಷ್ಟು ಹೆಜ್ಜೆಗಳನ್ನೂ ಎಣಿಸಲಾರದು.

ಬ್ಯಾಂಡಿನ ಪೆಟ್ಟಿಗೆಯ ಮೇಲಿನ ‘14 ದಿನ’ ಎಂಬ ಮಾತನ್ನೂ ಅಕ್ಷರಶಃ ನಂಬಬಾರದು. ಅದು ಸುಳ್ಳಲ್ಲ, ಕಂಪೆನಿ ತನಗೆ ಅನುಕೂಲವಾದ ಷರತ್ತುಗಳಲ್ಲಿ ಅಳೆದದ್ದು. ನಾಡಿಯನ್ನು ಹತ್ತು ನಿಮಿಷಕ್ಕೊಮ್ಮೆ ಅಳೆಯುವ ಬದಲು ಎಡೆಬಿಡದೆ ಅಳೆಯುವುದು, ರಾತ್ರಿಯಿಡೀ ರಕ್ತದ ಆಮ್ಲಜನಕವನ್ನು ನೋಡುವುದು, ಮುಖವನ್ನು ಸದಾ ಬೆಳಗಿಸಿಡುವುದು, ಮಣಿಕಟ್ಟಿನ ಮೂಲಕ ಮಾತನಾಡುವುದು, ಈ ನಾಲ್ಕು ಬ್ಯಾಟರಿಯನ್ನು ತಿನ್ನುವ ಮುಖ್ಯ ಬಾಬುಗಳು. ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆಯ ಕೆಳಗೆ ‘ಕಾಲಿಂಗ್ ಬಳಸಿದರೆ 2 ದಿನ’ ಎಂದು ಬರೆದಿರುವುದನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಇನ್ನು ಸವಕಳಿಯ ಲೆಕ್ಕ. ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಯಂತ್ರಗಳ ಸವಕಳಿಯನ್ನು ಪರಿಶೀಲಿಸುವವನಿಗೆ ಇದು ಕಣ್ಣಿಗೆ ಬೀಳದಿರದು. ಲಿಥಿಯಂ ಬ್ಯಾಟರಿ ಪ್ರತಿ ಪೂರ್ಣ ಚಾರ್ಜಿಗೂ ಸ್ವಲ್ಪ ಸವೆಯುತ್ತದೆ. ಆಪಲ್ ವಾಚಿನ ಬ್ಯಾಟರಿ 1,000 ಪೂರ್ಣ ಚಾರ್ಜುಗಳ ಬಳಿಕ ಮೂಲ ಶಕ್ತಿಯ ಶೇಕಡಾ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಕಂಪೆನಿಯೇ ಹೇಳುತ್ತದೆ. ದಿನಕ್ಕೊಂದು ಪೂರ್ಣ ಚಾರ್ಜೆಂದರೆ ಮೂರು ವರ್ಷವಾಗುವುದರೊಳಗೆ ಆ ಸಾವಿರ ಮುಗಿಯುತ್ತದೆ. 18 ಗಂಟೆಯ ವಾಚು ಆಗ ಸುಮಾರು 14 ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಕಟ್ಟಿದ್ದು ರಾತ್ರಿ ಎಂಟಕ್ಕೆ ಕಣ್ಣು ಮುಚ್ಚಿದಂತೆ. ಎಂಟು ದಿನಕ್ಕೊಮ್ಮೆ ಚಾರ್ಜಾಗುವ ಬ್ಯಾಂಡಿಗೆ ವರ್ಷಕ್ಕೆ ಸುಮಾರು 45 ಚಾರ್ಜುಗಳು ಮಾತ್ರ; ಅದರ ಬ್ಯಾಟರಿ ಸವೆಯುವ ಮೊದಲು ಪಟ್ಟಿಯೋ ಗಾಜೋ ಹೋಗುವುದೇ ಹೆಚ್ಚು. ಆದರೆ ನ್ಯಾಯವಾಗಿ ಹೇಳಬೇಕಾದರೆ, ದೊಡ್ಡ ಕಂಪೆನಿಗಳ ವಾಚಿಗೆ ಹಣ ತೆತ್ತು ಹೊಸ ಬ್ಯಾಟರಿ ಹಾಕಿಸಬಹುದು. ಬ್ಯಾಂಡು ಅಂಟಿನಿಂದ ಮುಚ್ಚಿದ ಡಬ್ಬಿ, ಬ್ಯಾಟರಿ ಹೋದರೆ ಅದೇ ಅದರ ಕೊನೆ. ಅನೇಕ ಮಾದರಿಗಳಿಗೆ ಚಾರ್ಜಿನ ತಂತಿ ಬೇರೆಬೇರೆಯೆಂಬುದನ್ನೂ ಮರೆಯಬಾರದು. ನೆರೆಮನೆಯದು ನಮಗೆ ಬಾರದಿರಬಹುದು.

ಸೌಕರ್ಯಗಳ ಪಟ್ಟಿ ಎಷ್ಟು ಉದ್ದವಿದ್ದರೂ ಆರೋಗ್ಯದ ದೃಷ್ಟಿಯಿಂದ ನೋಡಬೇಕಾದವು ಕೆಲವೇ. ಹೆಜ್ಜೆಯ ಎಣಿಕೆಯಲ್ಲಿ ಬ್ಯಾಂಡಿಗೂ ಪೂರ್ಣ ವಾಚಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ; ಎರಡೂ ಕೈಯ ಬೀಸನ್ನೇ ಎಣಿಸುತ್ತವೆ. ಕೈಯಲ್ಲಿ ತರಕಾರಿಯ ಚೀಲ ಹಿಡಿದು ನಡೆದರೆ ಎರಡೂ ಕಡಿಮೆ ಎಣಿಸುತ್ತವೆ. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿ ಯಾವ ವೈದ್ಯನ ಚೀಟಿಯಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪೆನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಯೆಣಿಕೆಯ ಯಂತ್ರವನ್ನು ಮಾರುವಾಗ ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತು, ಅಷ್ಟೇ.

ನಾಡಿಯನ್ನು ಅಳೆಯುವ ವಿಧಾನವೂ ಎರಡರಲ್ಲಿ ಒಂದೇ. ಹಸುರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ಪ್ರತಿ ಮಿಡಿತಕ್ಕೆ ರಕ್ತ ಎಷ್ಟು ಬೆಳಕನ್ನು ಹೀರಿತೆಂದು ನೋಡಲಾಗುತ್ತದೆ. ಕುಳಿತಾಗ ಇದು ಸಾಕಷ್ಟು ಸರಿಯಾಗಿರುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಅಲ್ಲಿ ಹಚ್ಚೆ ಹಾಕಿಸಿಕೊಂಡಿದ್ದರೆ, ಕೈ ಜೋರಾಗಿ ಬೀಸುತ್ತಿದ್ದರೆ ತಪ್ಪುತ್ತದೆ. ಕೆಲವೊಮ್ಮೆ ಯಂತ್ರವು ನಾಡಿಯನ್ನು ಬಿಟ್ಟು ಹೆಜ್ಜೆಯ ತಾಳವನ್ನೇ ಹಿಡಿದು, ಅದನ್ನೇ ನಾಡಿಯೆಂದು ತೋರಿಸುವುದುಂಟು. ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಅರ್ಧ ದೋಷ ನಿವಾರಣೆಯಾಗುತ್ತದೆ.

ರಕ್ತದೊತ್ತಡದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬದೆ, ಬರಿಯ ಬೆಳಕಿನಿಂದ ರಕ್ತದೊತ್ತಡದ ಅಂಕಿ ತೋರಿಸುವ 2,000 ರೂಪಾಯಿಯ ವಾಚು ಅಳೆಯುತ್ತಿಲ್ಲ, ಊಹಿಸುತ್ತಿದೆ. ಸ್ಯಾಮ್‌ಸಂಗ್ ವಾಚಿನಲ್ಲೂ ಮೊದಲು ತೋಳಿನ ಯಂತ್ರದಿಂದ ಅಳೆದ ಅಂಕಿಯನ್ನು ಅದಕ್ಕೆ ಕೊಟ್ಟು, 28 ದಿನಗಳಿಗೊಮ್ಮೆ ಮತ್ತೆ ಹಾಗೆಯೇ ತಾಳೆ ಮಾಡಬೇಕಾಗುತ್ತದೆ. ಹಾಗಿದ್ದ ಮೇಲೆ ತೋಳಿನ ಯಂತ್ರ ಮನೆಯಲ್ಲಿರಲೇಬೇಕಾಯಿತು. ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುತ್ತೇವೆನ್ನುವ ವಾಚು ಮತ್ತು ಉಂಗುರಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಅಂಥ ಯಾವ ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅದು ತಿಳಿಸಿತ್ತು. ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ನಿನ ಪ್ರಮಾಣ ಬದಲಾಯಿಸಿದರೆ ಪ್ರಾಣಕ್ಕೇ ಕುತ್ತು.

ಪೂರ್ಣ ವಾಚಿಗೆ ನಿಜವಾಗಿ ಹಣ ತೆರಬೇಕಾದ ಸಂದರ್ಭಗಳೂ ಇವೆ. ಹೃದಯದ ಬಡಿತ ಆಗಾಗ ತಾಳ ತಪ್ಪುತ್ತದೆಂದು ವೈದ್ಯರಿಗೆ ಸಂಶಯವಿದ್ದು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಸರಿಯಾಗಿಬಿಡುವ ರೋಗಿಗೆ, ಆ ಕ್ಷಣದಲ್ಲೇ ಬೆರಳಿಟ್ಟು ಇಸಿಜಿ ತೆಗೆದುಕೊಳ್ಳಬಲ್ಲ ವಾಚು ಉಪಕಾರಿ. ಆಪಲ್ ವಾಚಿನಲ್ಲಿ 2018ರ 4ನೆಯ ಸರಣಿಯಿಂದ ಈ ಸೌಕರ್ಯ ಬಂದಿತು. ಬಿದ್ದರೆ ಗುರುತಿಸಿ ಸಹಾಯಕ್ಕೆ ಕರೆಯುವ ಸೌಕರ್ಯವೂ ಅದೇ ವರ್ಷ ಬಂದಿತು. ಆದರೆ ಈ ಇಸಿಜಿ ಹೃದಯಾಘಾತವನ್ನು ಪತ್ತೆ ಮಾಡಲಾರದೆಂದು ತಯಾರಿಸಿದವರೇ ಹೇಳುತ್ತಾರೆ. ಎದೆ ನೋಯುತ್ತಿರುವಾಗ ಮಣಿಕಟ್ಟನ್ನು ನೋಡಿ ‘ಸರಿಯಾಗಿದೆ’ ಎಂದು ಮಲಗಿಬಿಡುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಇಂಥ ವಾಚನ್ನು ಕೊಡಿಸಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಹತ್ತಿರದಲ್ಲೇ ಐಫೋನು ಅಥವಾ ಸಿಮ್ ಸಂಪರ್ಕವಿರುವ ಮಾದರಿ, ಮನೆಯೊಳಗೆ ಸರಿಯಾದ ಸಿಗ್ನಲು, ಪ್ರತಿನಿತ್ಯ ಮರೆಯದೆ ಚಾರ್ಜು, ಈ ಮೂರೂ ಇದ್ದರೆ ಮಾತ್ರ ಆ ಆಸೆ ಫಲಿಸುವುದು.

ಒಂದು ಉದಾಹರಣೆಯಿಂದ ಇಡೀ ವಿಚಾರವನ್ನು ಒರೆಗೆ ಹಚ್ಚಬಹುದು. ನಮ್ಮ ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ವಯಸ್ಸು 54, ಮೂಲ ಕುಂದಾಪುರ ಕಡೆ, ವಾಸ ಡೊಂಬಿವಿಲಿ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರತಿನಿತ್ಯ ಅರ್ಧ ಗಂಟೆ ಬಿರುಸಾಗಿ ನಡೆಯಬೇಕೆಂದು ವೈದ್ಯರ ಅಪ್ಪಣೆಯಾಗಿತ್ತು. ಬೆಂಗಳೂರಿನಲ್ಲಿರುವ ಮಗ ಆಪಲ್ ವಾಚು ಕಳುಹಿಸುತ್ತೇನೆಂದ. ತಂದೆಯ ಫೋನು 14,000 ರೂಪಾಯಿಯ ಆಂಡ್ರಾಯ್ಡು. ಆದ್ದರಿಂದ ಮೊದಲ ಪ್ರಶ್ನೆಯಲ್ಲೇ ಆ ವಾಚು ಬಿದ್ದುಹೋಯಿತು; ವಾಚಿಗಾಗಿ ಫೋನನ್ನು ಬದಲಾಯಿಸುವುದೆಂದರೆ ಜುಟ್ಟಿನ ಹೂವಿಗಾಗಿ ತೋಟ ಕೊಂಡಂತೆ. ಎರಡನೆಯ ಆಯ್ಕೆ 2,500 ರೂಪಾಯಿಯ, ದೊಡ್ಡ ಮುಖದ, ಮಾತನಾಡುವ ‘ವಾಚು’. ಅದರಲ್ಲಿ ಕನ್ನಡದ ಸಂದೇಶ ಚೌಕಗಳಾಗಿ ಬಂತು; ಬಾಳಿಕೆ 7 ದಿನ, ಮಾತನಾಡಿದರೆ 2 ದಿನ. ಮೂರನೆಯದು 3,500 ರೂಪಾಯಿಯ ಬ್ಯಾಂಡು, ಘೋಷಿತ ಬಾಳಿಕೆ 14 ದಿನ, ಕನ್ನಡ ನೆಟ್ಟಗೆ ಬಂತು. ಅವರು ಅದನ್ನೇ ಕೊಂಡರು.

ಮೊದಲ ವಾರವನ್ನು ಅವರು ಪರೀಕ್ಷೆಗೆಂದೇ ಇಟ್ಟುಕೊಂಡರು. ಬಾಯಲ್ಲಿ ಎಣಿಸುತ್ತ 500 ಹೆಜ್ಜೆ ನಡೆದರು. ಬ್ಯಾಂಡು 487 ತೋರಿಸಿತು. ಡೊಂಬಿವಿಲಿಯಲ್ಲಿ ಗಾಡಿ ಹತ್ತಿದಾಗಿನ ಅಂಕಿಯನ್ನು ಬರೆದಿಟ್ಟು ಸಿಎಸ್ಎಂಟಿಯಲ್ಲಿ ಇಳಿಯುವಾಗ ನೋಡಿದರೆ, ಹಿಡಿ ಹಿಡಿದು ನಿಂತಲ್ಲೇ 140 ಹೆಜ್ಜೆ ಹೆಚ್ಚಾಗಿತ್ತು. ಎರಡೂ ಕ್ಷಮ್ಯವೇ. ಕುರ್ಚಿಯಲ್ಲಿ ಕುಳಿತು ಮೂವತ್ತು ಸೆಕೆಂಡು ಬೆರಳಿನಿಂದ ನಾಡಿ ಹಿಡಿದಾಗ 36 ಮಿಡಿತ, ಅಂದರೆ ನಿಮಿಷಕ್ಕೆ 72. ಬ್ಯಾಂಡಿನ ಅಂಕಿ 74.

ತೊಡಕು ಕಂಡದ್ದು ಬೇರೆ ಕಡೆ. ಬ್ಯಾಂಡುಗಳು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆದು ಹೃದಯದ ಗರಿಷ್ಠ ಬಡಿತವನ್ನು ಲೆಕ್ಕ ಹಾಕುತ್ತವೆ. ಅವರಿಗೆ ಅದು 166. ಅದರ ಶೇಕಡಾ 60ರಿಂದ 70, ಅಂದರೆ 100ರಿಂದ 116ರವರೆಗೆ, ಬಿರುಸಿನ ನಡಿಗೆಯ ವಲಯವೆಂದು ಬ್ಯಾಂಡು ನಿಗದಿ ಮಾಡಿತ್ತು. ಅವರು ಬೆವರಿಳಿಯುವಂತೆ ನಡೆದರೂ ನಾಡಿ 92ನ್ನು ದಾಟುತ್ತಿರಲಿಲ್ಲ. ಬೆರಳಿನಿಂದ ನೋಡಿದರೂ ಅಷ್ಟೇ. ಬ್ಯಾಂಡಿನ ಅಳತೆ ತಪ್ಪಿರಲಿಲ್ಲ. ಆದರೂ ಅದು ದಿನವೂ ‘ಹಗುರ ವ್ಯಾಯಾಮ’ ಎಂದು ಬರೆದು, ಇನ್ನೂ ವೇಗವಾಗಿ ನಡೆಯಿರೆಂದು ಅವರನ್ನು ಪ್ರೇರಿಸುತ್ತಿತ್ತು. ನಾಲ್ಕನೆಯ ದಿನ ಅವರು ಏದುಸಿರು ಬಿಡುತ್ತ ಮನೆಗೆ ಬಂದುದನ್ನು ಕಂಡ ಮನೆಯಾಕೆ, ಆ ಸಂಜೆಯೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದರು. ಕಾರಣ ಮಾತ್ರೆಯಲ್ಲಿತ್ತು. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಬೀಟಾ ತಡೆ ಮಾತ್ರೆಗಳು ಹೃದಯದ ವೇಗಕ್ಕೇ ಕಡಿವಾಣ ಹಾಕುತ್ತವೆ. ಅವನ್ನು ಸೇವಿಸುವವರಿಗೆ 220ರ ಸೂತ್ರ ಅನ್ವಯಿಸುವುದಿಲ್ಲ. 3,500ರ ಬ್ಯಾಂಡಿಗಾಗಲಿ 40,000ದ ವಾಚಿಗಾಗಲಿ ಕಟ್ಟಿಕೊಂಡವರ ಮಾತ್ರೆಯ ಹೆಸರು ತಾನಾಗಿ ತಿಳಿಯದು. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ನಿಮ್ಮ ವೇಗವೆಂದು ವೈದ್ಯರು ಹೇಳಿ ಕಳುಹಿಸಿದರು. ಯಕ್ಷಗಾನದ ಹುಚ್ಚಿರುವ ನಮ್ಮ ಮಿತ್ರರಿಗೆ ಈ ಅಳತೆ ಬಹಳ ಹಿಡಿಸಿತು. ಭಾಗವತಿಕೆಯ ಒಂದು ಎಳೆ ಎತ್ತಿ ನೋಡಿ, ಉಸಿರು ಸಾಲದಿದ್ದರೆ ವೇಗ ಸರಿಯಿದೆಯೆಂದು ತಿಳಿಯುತ್ತಾರೆ. ಬ್ಯಾಂಡಿನ ಆ್ಯಪಿನಲ್ಲಿ ನಾಡಿಯ ವಲಯದ ಸೂಚನೆಯನ್ನು ನಿಲ್ಲಿಸಿ, ಹೆಜ್ಜೆ ಮತ್ತು ಸಮಯವನ್ನು ಮಾತ್ರ ಉಳಿಸಿಕೊಂಡರು.

ಬ್ಯಾಟರಿಯ ಲೆಕ್ಕವನ್ನು ಅವರು ಕಾಗದದ ಮೇಲೆ ಮಾಡಿದ್ದರು. ಭಾನುವಾರ ರಾತ್ರಿ ಶೇಕಡಾ 100; ಬುಧವಾರ ರಾತ್ರಿ 64. ಮೂರು ದಿನಕ್ಕೆ 36, ದಿನಕ್ಕೆ 12. ಹಾಗಾದರೆ ಎಂಟು ದಿನದ ಬಾಳಿಕೆ, ಘೋಷಿತ ಹದಿನಾಲ್ಕಲ್ಲ. ರಾತ್ರಿಯ ಆಮ್ಲಜನಕದ ಅಳತೆಯನ್ನೂ, ಕೈ ಎತ್ತಿದೊಡನೆ ಮುಖ ಬೆಳಗುವುದನ್ನೂ ನಿಲ್ಲಿಸಿದ ಮೇಲೆ ದಿನದ ಖರ್ಚು 7ಕ್ಕೆ ಇಳಿಯಿತು. ದೀಪಾವಳಿಗೆ ಊರಿಗೆ ಹೋದಾಗ ಚಾರ್ಜಿನ ತಂತಿ ಡೊಂಬಿವಿಲಿಯ ಮೇಜಿನ ಮೇಲೆಯೇ ಉಳಿದಿತ್ತು. ಒಂಬತ್ತು ದಿನಗಳ ಬಳಿಕ ಮತ್ಸ್ಯಗಂಧದಲ್ಲಿ ಮುಂಬಯಿಗೆ ಮರಳುವಾಗ ಬ್ಯಾಂಡಿನಲ್ಲಿ ಇನ್ನೂ ಶೇಕಡಾ 35ರಷ್ಟು ಉಳಿದಿತ್ತೆಂದು, ಕಚೇರಿಯಲ್ಲಿ ಮಣಿಕಟ್ಟನ್ನು ಮುಂದೆ ಚಾಚಿ ನನಗೆ ತೋರಿಸಿದರು.